240 ವೀಕ್ಷಣೆಗಳ ಒಳಗೆ ಏನಿದೆ: ಅನಾಲಿಟಿಕ್ಸ್ ಪುಟದ ಮೊದಲ ಓದು

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್ ಪುಟ. ವಿಜಯಪುರದಲ್ಲಿರುವ ನಮ್ಮ ವೈನಿಯವರು ತಮ್ಮ ಅಡುಗೆಮನೆಯಿಂದಲೇ ನಡೆಸುವ ಚಾನೆಲ್ ಇದು. ಜೋಳದ ರೊಟ್ಟಿ ಬಡಿಯುವುದನ್ನು ತೋರಿಸುವ ಅವರ 8 ನಿಮಿಷದ ಒಂದು ವಿಡಿಯೊದ ಮೊದಲ 7 ದಿನಗಳ ಲೆಕ್ಕವನ್ನು ಇಂದು ಅವರ ಒಪ್ಪಿಗೆಯಿಂದ ನಿಮ್ಮ ಮುಂದೆ ಬಿಡಿಸಿಡುತ್ತಿದ್ದೇನೆ. ಪುಟದ ಮೇಲ್ಭಾಗದಲ್ಲಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುವುದು 240 ವೀಕ್ಷಣೆಗಳು ಎಂಬ ಅಂಕಿ. ಅದನ್ನು ನೋಡಿ ವೈನಿಯವರು, "ಇನ್ನೂರಾ ನಲವತ್ತು ಅಂದ್ರ ನಮ್ಮಂಥವರಿಗೆ ಛಲೋನ ಆತಲ್ಲ?" ಎಂದು ಕೇಳಿದರು. ಆ ಪ್ರಶ್ನೆಗೆ ಆ ಅಂಕಿಯೊಂದರಿಂದಲೇ ಉತ್ತರ ಹೇಳಲು ಬರುವುದಿಲ್ಲ. ಹೊಸಬರು ಮೊದಲು ಮಾಡಬೇಕಾದ ಕೆಲಸವೆಂದರೆ ಈ 240 ಎಲ್ಲೆಲ್ಲಿಂದ ಬಂದವು ಎಂದು ಬೇರ್ಪಡಿಸುವುದು. ಉಳಿದ ಅಂಕಿಗಳಿಗೆ ಅರ್ಥ ಬರುವುದು ಆಮೇಲೆ.

ಹಾಗೆ ಬೇರ್ಪಡಿಸಲು ಕಂಪ್ಯೂಟರಿನಲ್ಲಿ ಸ್ಟುಡಿಯೊ ತೆರೆದು, ಬೇಕಾದ ವಿಡಿಯೊವನ್ನು ಆರಿಸಿ, ಅದರ ಅನಾಲಿಟಿಕ್ಸ್‌ನಲ್ಲಿ ಟ್ರಾಫಿಕ್ ಮೂಲಗಳ ವಿವರಕ್ಕೆ ಹೋಗಬೇಕು. ಮೊಬೈಲ್ ಆಪ್‌ನಲ್ಲಿಯೂ ಸಾರಾಂಶ ಸಿಗುತ್ತದೆಯಾದರೂ, ಒಂದೊಂದು ಮೂಲದ ಎದುರಿಗೆ ವೀಕ್ಷಣೆ, ನೋಡಿದ ಸಮಯ, ಇಂಪ್ರೆಷನ್ ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಓದಲು ಕಂಪ್ಯೂಟರಿನ ವಿಸ್ತೃತ ನೋಟವೇ ಅನುಕೂಲ. ಪ್ರಕಟಿಸಿದ ಮರುಗಳಿಗೆಯೇ ಈ ಪಟ್ಟಿಯನ್ನು ಹುಡುಕಬೇಡಿ. ತಕ್ಷಣದ ವೀಕ್ಷಣೆಗಳನ್ನು ತೋರಿಸುವ ರಿಯಲ್‌ಟೈಮ್ ಭಾಗವೊಂದನ್ನು ಬಿಟ್ಟರೆ ಉಳಿದ ವಿವರಗಳು ತುಂಬಿಕೊಳ್ಳಲು ಎರಡು ದಿನಗಳಷ್ಟು ಸಮಯ ಹಿಡಿಯಬಹುದು. ಆದ್ದರಿಂದ ನಾನು 7 ದಿನ ಕಳೆದ ಮೇಲೆಯೇ ನೋಡುತ್ತೇನೆ, ಪ್ರತಿ ವಿಡಿಯೊವನ್ನೂ ಅದೇ ವಯಸ್ಸಿನಲ್ಲಿ ನೋಡುತ್ತೇನೆ.

ವೈನಿಯವರ 240 ವೀಕ್ಷಣೆಗಳು ಹೀಗೆ ಹಂಚಿಹೋಗಿದ್ದವು: ಹೊರಗಿನ ಮೂಲಗಳಿಂದ 130, ಯೂಟ್ಯೂಬ್ ಹುಡುಕಾಟದಿಂದ 62, ಮುಖಪುಟ ಮೊದಲಾದ ಬ್ರೌಸ್ ಜಾಗಗಳಿಂದ 28, ನೋಟಿಫಿಕೇಶನ್‌ನಿಂದ 8, ನೇರ ಅಥವಾ ಗೊತ್ತಾಗದ ಮೂಲದಿಂದ 12. ಹೊರಗಿನ ಮೂಲ ಎಂಬುದರ ಮೇಲೆ ಒತ್ತಿದರೆ ಅದರ ಬಹುಪಾಲು ವಾಟ್ಸಾಪ್ ಎಂದು ತಿಳಿಯುತ್ತದೆ. ಮನೆತನದ ಗುಂಪು, ಓಣಿಯ ಗುಂಪು, ತವರುಮನೆಯ ಗುಂಪು, ಹೀಗೆ ವೈನಿಯವರು ಕೊಂಡಿ ಕಳಿಸಿದ ಕಡೆಯಿಂದ ಬಂದವರು ಇವರು. ಅವರ ಪ್ರೀತಿ ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮದುವೆಗೆ ಬಂದವರು ಅಕ್ಕಿಕಾಳು ಹಾಕಿ ಮುಂದಿನ ಊರಿಗೆ ಹೊರಡುವ ಹಾಗೆ, ಇವರಲ್ಲಿ ಹೆಚ್ಚಿನವರು ವಿಡಿಯೊ ತೆರೆದು, ವೈನಿಯವರ ಮುಖ ನೋಡಿ, ಗುಂಪಿಗೆ ಮರಳಿ ಒಂದು ಮೆಚ್ಚುಗೆಯ ಚಿತ್ರ ಹಾಕಿ ಹೋಗಿದ್ದರು. ಇದು ನನ್ನ ಊಹೆಯಲ್ಲ, ಪಕ್ಕದ ಅಂಕಣವೇ ಅದನ್ನು ಹೇಳುತ್ತದೆ. ಹೊರಗಿನಿಂದ ಬಂದ ವೀಕ್ಷಣೆಗಳ ಸರಾಸರಿ ಅವಧಿ 1 ನಿಮಿಷ 20 ಸೆಕೆಂಡ್. ಹುಡುಕಾಟದಿಂದ ಬಂದವುಗಳದ್ದು 4 ನಿಮಿಷ 10 ಸೆಕೆಂಡ್.

ಈ ಎರಡು ಸಾಲುಗಳನ್ನು ನೋಡಿದ ಸಮಯವಾಗಿ ಪರಿವರ್ತಿಸಿದರೆ ಚಿತ್ರವೇ ಬದಲಾಗುತ್ತದೆ. ಹೊರಗಿನ 130 ವೀಕ್ಷಣೆಗಳು ಒಟ್ಟು ಸುಮಾರು 2.9 ಗಂಟೆ ಕೊಟ್ಟವು. ಹುಡುಕಿಕೊಂಡು ಬಂದ 62 ವೀಕ್ಷಣೆಗಳು 4.3 ಗಂಟೆ ಕೊಟ್ಟವು. ಅರ್ಧಕ್ಕಿಂತ ಕಡಿಮೆ ಸಂಖ್ಯೆಯಿಂದ ಒಂದೂವರೆ ಪಟ್ಟು ಸಮಯ. ಜಾಹೀರಾತಿನ ಆದಾಯಕ್ಕೆ 1000 ಚಂದಾದಾರರ ಜೊತೆಗೆ ಹಿಂದಿನ 12 ತಿಂಗಳುಗಳಲ್ಲಿ 4000 ಗಂಟೆಗಳ ಸಾರ್ವಜನಿಕ ವೀಕ್ಷಣಾ ಸಮಯ ಬೇಕು ಎಂಬ ದಾರಿಯನ್ನು ಹಿಡಿದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು, ಏಕೆಂದರೆ ಅಲ್ಲಿ ಎಣಿಸುವುದು ಗಂಟೆಗಳನ್ನು. ಪುಟದ ಮೇಲೆ ಕಾಣುತ್ತಿದ್ದ ಒಟ್ಟು ಸರಾಸರಿ 2 ನಿಮಿಷ 24 ಸೆಕೆಂಡ್. ಅದು ಹೊರಗಿನವರಿಗೂ ಹೊಂದುವುದಿಲ್ಲ, ಹುಡುಕಿ ಬಂದವರಿಗೂ ಹೊಂದುವುದಿಲ್ಲ. ಎರಡು ಬೇರೆ ಬೇರೆ ಮಂದಿಯನ್ನು ಕೂಡಿಸಿ ಭಾಗಿಸಿದಾಗ ಸಿಗುವ ಅಂಕಿ ಯಾರ ನಡೆಯನ್ನೂ ತೋರಿಸುವುದಿಲ್ಲ.

ಇನ್ನು ಇಂಪ್ರೆಷನ್ ಮತ್ತು ಅದರ ಕ್ಲಿಕ್ ದರ. ವಿಡಿಯೊದ ಥಂಬ್‌ನೇಲ್ ಯೂಟ್ಯೂಬಿನೊಳಗೆ ಒಬ್ಬರ ತೆರೆಯ ಮೇಲೆ ಕನಿಷ್ಠ ಅರ್ಧದಷ್ಟಾದರೂ ಕಾಣುವಂತೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಬಂದರೆ ಅದನ್ನು ಒಂದು ಇಂಪ್ರೆಷನ್ ಎಂದು ಎಣಿಸುತ್ತಾರೆ. ವಾಟ್ಸಾಪ್‌ನಲ್ಲಿ ಕಂಡ ಚಿತ್ರ, ನೋಟಿಫಿಕೇಶನ್‌ನಲ್ಲಿ ಬಂದ ಸೂಚನೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ 240ನ್ನು ಇಂಪ್ರೆಷನ್‌ಗಳಿಂದ ಭಾಗಿಸಿ ಕ್ಲಿಕ್ ದರ ತೆಗೆಯಲು ಹೋದರೆ ಪುಟದ ಅಂಕಿಗೂ ನಿಮ್ಮ ಲೆಕ್ಕಕ್ಕೂ ತಾಳೆಯಾಗುವುದಿಲ್ಲ, ಆಗ ಪುಟವೇ ತಪ್ಪೆಂದು ತಿಳಿಯುವ ಅಗತ್ಯವೂ ಇಲ್ಲ. ವೈನಿಯವರ ವಿಡಿಯೊಗೆ 1500 ಇಂಪ್ರೆಷನ್ ಬಂದಿದ್ದವು, ಅವುಗಳಿಂದ ಹುಟ್ಟಿದ ವೀಕ್ಷಣೆಗಳು ಹುಡುಕಾಟದ 62 ಮತ್ತು ಬ್ರೌಸ್‌ನ 28, ಒಟ್ಟು 90. ದರ 6 ಪ್ರತಿಶತ.

ಯೂಟ್ಯೂಬ್ ತಾನೇ ಹೇಳುವ ಪ್ರಕಾರ ಚಾನೆಲ್ ಮತ್ತು ವಿಡಿಯೊಗಳಲ್ಲಿ ಅರ್ಧದಷ್ಟರ ದರ 2ರಿಂದ 10 ಪ್ರತಿಶತದ ನಡುವೆ ಇರುತ್ತದೆ. ಹಾಗೆಂದು 6 ಒಳ್ಳೆಯದೇ ಎಂದು ಪುಟ ಮುಚ್ಚಬೇಡಿ. ಇದನ್ನೂ ಮೂಲದ ಪ್ರಕಾರ ಬಿಡಿಸಬೇಕು. ಹುಡುಕಾಟದಲ್ಲಿ 700 ಸಲ ಕಂಡು 62 ವೀಕ್ಷಣೆ ತಂದಿದೆ, ಅಂದರೆ ಸುಮಾರು 8.9 ಪ್ರತಿಶತ. ಬ್ರೌಸ್‌ನಲ್ಲಿ 800 ಸಲ ಕಂಡು 28 ತಂದಿದೆ, ಅಂದರೆ 3.5 ಪ್ರತಿಶತ. ರೊಟ್ಟಿಯನ್ನೇ ಹುಡುಕಿಕೊಂಡು ಬಂದವರು ರೊಟ್ಟಿಯ ಚಿತ್ರವನ್ನು ಒತ್ತುವುದು ಸಹಜ. ಮುಖಪುಟದಲ್ಲಿ ಬೇರೇನೋ ನೋಡಲು ಬಂದವರನ್ನು ನಿಲ್ಲಿಸುವುದು ಕಷ್ಟ. ಎರಡು ದರಗಳನ್ನು ಪರಸ್ಪರ ಹೋಲಿಸದೆ, ಹುಡುಕಾಟದ ದರವನ್ನು ಮುಂದಿನ ವಿಡಿಯೊದ ಹುಡುಕಾಟದ ದರದೊಂದಿಗೂ ಬ್ರೌಸ್‌ನದನ್ನು ಬ್ರೌಸ್‌ನೊಂದಿಗೂ ಹೋಲಿಸಿದರೆ ಮಾತ್ರ ಏನಾದರೂ ತಿಳಿಯುತ್ತದೆ. ಇಂಪ್ರೆಷನ್ ಹೆಚ್ಚುತ್ತ ಹೋದಂತೆ, ಚಾನೆಲ್ಲಿನ ಪರಿಚಯವೇ ಇಲ್ಲದವರಿಗೆ ಚಿತ್ರ ತಲುಪುವುದರಿಂದ ದರ ಸ್ವಲ್ಪ ಇಳಿಯುವುದು ಸಾಮಾನ್ಯ. ಇಂಪ್ರೆಷನ್ ಎಷ್ಟು ಎಂಬುದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ದರವನ್ನು ಓದಬಾರದು ಎನ್ನುವುದು ಈ ಕಾರಣಕ್ಕೆ.

ಹುಡುಕಾಟದ ಸಾಲನ್ನು ಒತ್ತಿದರೆ ಜನ ಬರೆದ ಪದಗಳೇ ಅಕ್ಷರಶಃ ಕಾಣುತ್ತವೆ. ಇಲ್ಲಿ ಮೇಲಿನ ಸಾಲುಗಳಲ್ಲಿ ಇದ್ದದ್ದು `jolada rotti` ಮತ್ತು `jolada rotti madodu hege`. ಕನ್ನಡದ ವೀಕ್ಷಕರೇ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುತ್ತಿದ್ದಾರೆ. ವಿಡಿಯೊದ ಶೀರ್ಷಿಕೆ ಮಾತ್ರ "ನಮ್ಮ ಮನೆಯ ಒಂದು ಮುಂಜಾನೆ" ಎಂದಿತ್ತು. ರೊಟ್ಟಿಯ ಹೆಸರು ವಿವರಣೆಯಲ್ಲಷ್ಟೇ ಇತ್ತು. ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಹೊಸಬರಿಗೆ ಅತಿ ಹೆಚ್ಚು ಕೊಡುವ ಜಾಗ ಇದೇ, ಏಕೆಂದರೆ ಅಪರಿಚಿತರು ನಿಮ್ಮಿಂದ ಏನು ಬಯಸುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ಇಲ್ಲಿ ಓದಬಹುದು.

ಮೂರನೆಯದು ರಿಟೆನ್ಷನ್ ಗೆರೆ, ಅಂದರೆ ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಪಾಲು ಜನ ಉಳಿದಿದ್ದಾರೆ ಎಂದು ತೋರಿಸುವ ಗೆರೆ. ಇದರಲ್ಲಿ ಮೊದಲು ನೋಡಬೇಕಾದದ್ದು 30ನೆಯ ಸೆಕೆಂಡಿನ ಅಂಕಿ. ಸ್ಟುಡಿಯೊ ಅದನ್ನು ತಾನೇ ಎತ್ತಿ ತೋರಿಸುತ್ತದೆ. ಇಲ್ಲಿ ಅದು 52 ಪ್ರತಿಶತ. ಗೆರೆಯ ಮೇಲೆ ಬೆರಳಿಟ್ಟು ವಿಡಿಯೊವನ್ನು ಜೊತೆಗೇ ಓಡಿಸಿದಾಗ ಕಾರಣ ಕಣ್ಣಿಗೆ ಕಟ್ಟಿತು: ಮೊದಲು ದೂರದಿಂದ ಕಾಣುವ ಗೋಲಗುಮ್ಮಟ, ಆಮೇಲೆ ಓಣಿ, ಆಮೇಲೆ ಕುಶಲ ಪ್ರಶ್ನೆ, ಹಿಟ್ಟು ತೆರೆಗೆ ಬರುವುದು 50ನೆಯ ಸೆಕೆಂಡಿನಲ್ಲಿ. ಗೋಲಗುಮ್ಮಟ ನಮಗೆಲ್ಲ ಹೆಮ್ಮೆಯದು, ಆದರೆ ಈ ವೀಕ್ಷಕರು ರೊಟ್ಟಿಗಾಗಿ ಬಂದವರು. 50ನೆಯ ಸೆಕೆಂಡಿನ ನಂತರ ಗೆರೆ ಬಹಳ ಹೊತ್ತು ಹೆಚ್ಚು ಇಳಿಯದೆ ಸಾಗುತ್ತದೆ. 3 ನಿಮಿಷ 10 ಸೆಕೆಂಡಿನ ಹತ್ತಿರ ಅದು ಮೇಲಕ್ಕೇರುತ್ತದೆ. ಅಲ್ಲಿ ವೈನಿಯವರು ಎಸರು ಹಾಕಿ ನಾದಿದ ಹಿಟ್ಟನ್ನು ಅಂಗೈಯಿಂದ ಬಡಿಯುತ್ತ, ಅಂಚು ಒಡೆಯದಂತೆ ಇನ್ನೊಂದು ಕೈಯಿಂದ ಸುತ್ತಲೂ ಒತ್ತಿ ಹಿಡಿಯುತ್ತಾರೆ. ಗೆರೆ ಏರಿದೆಯೆಂದರೆ ಜನ ಹಿಂದಕ್ಕೆ ಸರಿಸಿ ಅದೇ ಭಾಗವನ್ನು ಮತ್ತೆ ನೋಡಿದ್ದಾರೆ ಅಥವಾ ನೇರ ಅಲ್ಲಿಗೇ ಬಂದಿದ್ದಾರೆ. ಹಾಗಾಗಿ ಮುಂದಿನ ವಿಡಿಯೊದ ವಿಷಯವನ್ನು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ.

ಇಷ್ಟಾದರೂ ಒಂದು ಎಚ್ಚರಿಕೆ ಬೇಕು. 28 ವೀಕ್ಷಣೆಗಳಲ್ಲಿ ಒಂದೇ ಒಂದು ಹೆಚ್ಚು ಕಡಿಮೆಯಾದರೂ ಸುಮಾರು 3.6 ಪ್ರತಿಶತ ಅತ್ತಿತ್ತ ಆಗುತ್ತದೆ. ಬ್ರೌಸ್‌ನಿಂದ ಬಂದವರು ಎಷ್ಟು ಹೊತ್ತು ನೋಡಿದರು ಎಂಬುದರಿಂದ ಈಗಲೇ ತೀರ್ಮಾನ ತೆಗೆಯಬಾರದು. ಹುಡುಕಾಟ ಮತ್ತು ವಾಟ್ಸಾಪ್ ನಡುವಿನ ಮೂರು ಪಟ್ಟು ಅಂತರದಂಥ ದೊಡ್ಡ ವ್ಯತ್ಯಾಸಗಳನ್ನು ನಂಬಬಹುದು. ಎರಡು ಮೂರು ಪ್ರತಿಶತದ ಏರಿಳಿತವನ್ನು ಇಷ್ಟು ಚಿಕ್ಕ ಲೆಕ್ಕದಲ್ಲಿ ನಂಬಲಾಗದು. ವೀಕ್ಷಕರ ವಯಸ್ಸು, ಅವರು ಯೂಟ್ಯೂಬಿನಲ್ಲಿರುವ ವೇಳೆ ಮುಂತಾದ ಕೋಷ್ಟಕಗಳು ಈ ಹಂತದಲ್ಲಿ ಹಲವೊಮ್ಮೆ ಖಾಲಿಯೇ ಇರುತ್ತವೆ, ಅವನ್ನು ದಾಟಿ ಹೋಗಿ. ಶಾರ್ಟ್ಸ್ ಹಾಕುತ್ತಿದ್ದರೆ ಅವುಗಳ ಅಂಕಿಯನ್ನು ಇದರೊಂದಿಗೆ ಬೆರೆಸಬೇಡಿ: 2025ರ ಮಾರ್ಚ್ 31ರಿಂದ ಶಾರ್ಟ್ ಒಂದು ಓಡಲಾರಂಭಿಸಿದರೂ ಸಾಕು, ಒಂದು ವೀಕ್ಷಣೆಯಾಗಿ ಎಣಿಕೆಯಾಗುತ್ತದೆ.

ಮುಂದಿನ ವಿಡಿಯೊ ಅಂಚು ಒಡೆಯದ ರೊಟ್ಟಿಯದ್ದಾಯಿತು. ಮೊದಲ ಸೆಕೆಂಡಿನಲ್ಲೇ ಹಿಟ್ಟಿನ ಮೇಲೆ ಕೈ, ಶೀರ್ಷಿಕೆಯಲ್ಲಿ ಜೋಳದ ರೊಟ್ಟಿ ಎಂಬುದು ಎರಡೂ ಲಿಪಿಗಳಲ್ಲಿ. ಕೊಂಡಿಯನ್ನು ಗುಂಪುಗಳಿಗೆ ಕಳಿಸುವುದನ್ನು ವೈನಿಯವರು ಬೇಕೆಂದೇ ಕಡಿಮೆ ಮಾಡಿದರು. 7 ದಿನಗಳ ನಂತರ 185 ವೀಕ್ಷಣೆಗಳು. ಹಿಂದಿನ 10 ವಿಡಿಯೊಗಳ ಪೈಕಿ ಸ್ಥಾನ ತೋರಿಸುವ ಚೌಕದಲ್ಲಿ ಇದು ಮೊದಲನೆಯದಕ್ಕಿಂತ ಕೆಳಗಿತ್ತು, ವೈನಿಯವರ ಮುಖ ಬಾಡಿತು. ಆದರೆ ಮೂಲಗಳನ್ನು ಬಿಡಿಸಿದರೆ ಹೊರಗಿನವು 30, ಹುಡುಕಾಟದವು 96, ಬ್ರೌಸ್‌ನವು 45, ಉಳಿದವು 14. ಯೂಟ್ಯೂಬ್ ತಾನಾಗಿ ಜನರ ಮುಂದಿಟ್ಟು ತಂದ ವೀಕ್ಷಣೆಗಳು 90ರಿಂದ 141ಕ್ಕೆ ಏರಿವೆ. 30ನೆಯ ಸೆಕೆಂಡಿನಲ್ಲಿ ಉಳಿದವರು 68 ಪ್ರತಿಶತ. ಇದರಲ್ಲಿ ಒಂದು ಪಾಲು ಬೇಗ ಹೊರಡುತ್ತಿದ್ದ ವಾಟ್ಸಾಪ್ ಮಂದಿ ಕಡಿಮೆಯಾದದ್ದರಿಂದಲೂ ಬಂದಿರುತ್ತದೆ ಎಂಬುದನ್ನು ಮರೆಯಬಾರದು. ಆದರೂ ಹಿಟ್ಟು ಬರುವ ಮೊದಲು ಇದ್ದ ಆ ಕಡಿದಾದ ಇಳಿಜಾರು ಗೆರೆಯಲ್ಲಿ ಈಗ ಕಾಣುತ್ತಿಲ್ಲ.

ಬ್ರೌಸ್‌ನ ಇಂಪ್ರೆಷನ್ 800ರಿಂದ 1500 ಆಗಿ, ಕ್ಲಿಕ್ ದರ 3.5ರಿಂದ 3ಕ್ಕೆ ಇಳಿದಿದೆ. ಹೆಚ್ಚು ಅಪರಿಚಿತರಿಗೆ ಕಂಡದ್ದರಿಂದ ಇಳಿಯಿತೋ, ಹಂಚಿನ ಮೇಲಿನ ರೊಟ್ಟಿಯ ಚಿತ್ರವೇ ಮಂಕಾಗಿತ್ತೋ ಎಂಬುದು ಇದೊಂದರಿಂದ ತಿಳಿಯದು. ಆದ್ದರಿಂದ ಈಗ ಚಿತ್ರೀಕರಣವಾಗುತ್ತಿರುವ ಮೂರನೆಯ ವಿಡಿಯೊದಲ್ಲಿ ಆರಂಭವನ್ನೂ ಶೀರ್ಷಿಕೆಯ ರೀತಿಯನ್ನೂ ಹಾಗೆಯೇ ಉಳಿಸಿಕೊಂಡು ಥಂಬ್‌ನೇಲ್ ಒಂದನ್ನೇ ಬದಲಿಸುತ್ತಿದ್ದೇವೆ: ಅಂಚು ಒಡೆದ ರೊಟ್ಟಿ ಒಂದು ಕಡೆ, ದುಂಡಗೆ ಬಂದ ರೊಟ್ಟಿ ಇನ್ನೊಂದು ಕಡೆ. ಅದರ 7ನೆಯ ದಿನ ನಾವು ಮೊದಲು ತೆರೆಯುವುದು ಬ್ರೌಸ್‌ನ ಸಾಲನ್ನು.