ಲೇಖನ ಯಾವುದು, ಮೆನು ಯಾವುದು? ಉಳಿಸಿಟ್ಟ ಪುಟಗಳನ್ನು ಶುಚಿಗೊಳಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನಗೆ ಇಷ್ಟವಾದ ಸುಮಾರು ಇನ್ನೂರು ಪ್ರಬಂಧಗಳನ್ನು ಬೇರೆ ಬೇರೆ ಜಾಲತಾಣಗಳಿಂದ ಉಳಿಸಿಕೊಂಡು, ಒಂದು ಇ-ಪುಸ್ತಕವಾಗಿ ಜೋಡಿಸಿದೆ. ಆಟದ ಬಗ್ಗೆ ಓದಿದ್ದ ಒಂದು ಪ್ರಬಂಧ ಬೇಕಾಗಿ ಅದರಲ್ಲಿ ‘ಕ್ರೀಡೆ’ ಎಂದು ಹುಡುಕಿದರೆ ಹೆಚ್ಚುಕಡಿಮೆ ಎಲ್ಲ ಪ್ರಬಂಧಗಳೂ ಸಿಕ್ಕಿದವು. ಒಂದನ್ನು ತೆರೆದು ನೋಡಿದೆ. ಶೀರ್ಷಿಕೆಗೂ ಮೊದಲು ಹೀಗೊಂದು ಸಾಲಿತ್ತು: ‘ಮುಖಪುಟಸುದ್ದಿಕ್ರೀಡೆಸಿನಿಮಾಸಂಪರ್ಕಿಸಿ’. ಐದು ಪದಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಪದವಾಗಿಬಿಟ್ಟಿದ್ದವು. ಪ್ರಬಂಧದ ನಡುವೆ, ತಾಯಿಯ ಸಾವನ್ನು ಲೇಖಕರು ವಿವರಿಸುವ ಎರಡು ಪ್ಯಾರಾಗಳ ಮಧ್ಯೆ, ‘ಇದನ್ನೂ ಓದಿ’ ಎಂಬ ಸಾಲು ಕೂತಿತ್ತು. ಅದನ್ನು ಕಂಡಾಗ ನನಗೆ ನಿಜಕ್ಕೂ ನೋವಾಯಿತು. ಇವತ್ತು ಮಾತನಾಡುವುದು ಆ ಸಾಲುಗಳ ಬಗ್ಗೆ: ಅವು ಹೇಗೆ ಬಂದವು, ಹೇಗೆ ತೆಗೆಯಬಹುದು, ತೆಗೆಯುವಾಗ ಎಲ್ಲಿ ಎಡವುತ್ತೇವೆ.

ಮೊದಲು ಆ ಅಂಟಿಕೊಂಡ ಪದಗಳ ವಿಷಯ. ಪುಟದ ಮೂಲ ಕಡತದಲ್ಲಿ ಮೆನುವಿನ ಪ್ರತಿಯೊಂದು ಪದವೂ ತನ್ನದೇ ಟ್ಯಾಗಿನೊಳಗೆ ಇರುತ್ತದೆ:

```
<nav><ul><li><a href="/">ಮುಖಪುಟ</a></li><li><a href="/s">ಸುದ್ದಿ</a></li></ul></nav>
```

ಪದಗಳ ನಡುವೆ ಖಾಲಿ ಜಾಗವಿಲ್ಲ. ಪರದೆಯ ಮೇಲೆ ಅವುಗಳನ್ನು ಬೇರ್ಪಡಿಸುವುದು ಟ್ಯಾಗುಗಳು ಮಾತ್ರ. ಟ್ಯಾಗುಗಳನ್ನು ಸುಮ್ಮನೆ ಅಳಿಸಿ ಪಠ್ಯವನ್ನಷ್ಟೇ ಉಳಿಸಿಕೊಂಡರೆ ಪದಗಳು ಕೂಡಿಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಇದು ಮೆನು ಎಂದು ಹೇಳುತ್ತಿದ್ದ `nav` ಎಂಬ ಗುರುತೂ ಅಳಿಸಿಹೋಗುತ್ತದೆ. ಆಮೇಲೆ ಮೆನುವಿನ ಸಾಲೂ ಲೇಖನದ ಸಾಲೂ ಒಂದೇ ಬಗೆಯಾಗಿ ಕಾಣುತ್ತವೆ. ನಾನು ಮಾಡಿದ ತಪ್ಪು ಇದೇ: ಮೊದಲು ಪಠ್ಯವಾಗಿಸಿ ಆಮೇಲೆ ಗುಡಿಸಲು ಹೊರಟೆ. ಟ್ಯಾಗುಗಳು ಇರುವಾಗಲೇ ಗುಡಿಸಬೇಕಿತ್ತು.

ಜಾಹೀರಾತಿನ ಕಥೆ ಸ್ವಲ್ಪ ಬೇರೆ. ಅದು ಸಾಮಾನ್ಯವಾಗಿ ಪುಟ ತೆರೆದ ಮೇಲೆ ಇನ್ನೊಂದು ಕಡೆಯಿಂದ ಬಂದು ಕೂರುತ್ತದೆ. ಹಾಗಾಗಿ ಉಳಿಸಿದ ಕಡತದಲ್ಲಿ ಹಲವು ಸಲ ಜಾಹೀರಾತೇ ಇರುವುದಿಲ್ಲ, ಅದರ ಮೇಲಿನ ‘ಜಾಹೀರಾತು’ ಎಂಬ ಪಟ್ಟಿ ಮಾತ್ರ ಉಳಿದಿರುತ್ತದೆ.

ಎಲ್ಲ ತಾಣಗಳೂ ಮೆನುವಿಗೆ `nav` ಎಂದೂ ಲೇಖನಕ್ಕೆ `article` ಎಂದೂ ಸರಿಯಾಗಿ ಗುರುತು ಹಾಕಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಹಾಕುವುದಿಲ್ಲ. ಅನೇಕ ಪುಟಗಳಲ್ಲಿ ಎಲ್ಲವೂ `div`, ಅಂದರೆ ಒಳಗೇನಿದೆ ಎಂದು ಹೇಳದ ಬರೀ ಪೆಟ್ಟಿಗೆ. ಆಗ ಬರವಣಿಗೆಯ ಸ್ವರೂಪವನ್ನೇ ನೋಡಿ ಊಹಿಸಬೇಕಾಗುತ್ತದೆ. ಫೈರ್‌ಫಾಕ್ಸ್‌ನ ಓದುವ ನೋಟದ ಹಿಂದಿರುವ ರೀಡಬಿಲಿಟಿ ಎಂಬ ಪ್ರೋಗ್ರಾಂ ಮಾಡುವುದು ಇದನ್ನೇ. ಅದರ ಮೂಲರೂಪವನ್ನು ಆರ್ಕ್90 ಎಂಬ ಸಂಸ್ಥೆ 2009ರಲ್ಲಿ ಹೊರತಂದಿತು. ಅದರ ಲೆಕ್ಕ ಸರಳ: ಪ್ರತಿ ಪ್ಯಾರಾಕ್ಕೆ ಇಷ್ಟು ಅಂಕ ಕೊಡು, ಆ ಅಂಕವನ್ನು ಅದನ್ನು ಹೊತ್ತಿರುವ ಪೆಟ್ಟಿಗೆಗೆ ಸೇರಿಸು, ಕೊನೆಗೆ ಯಾವ ಪೆಟ್ಟಿಗೆಗೆ ಹೆಚ್ಚು ಅಂಕ ಬಂದಿದೆಯೋ ಅದೇ ಲೇಖನ. ಪ್ಯಾರಾ ಇದೆ ಎಂಬುದಕ್ಕೇ ಒಂದು ಅಂಕ, ಅಲ್ಪವಿರಾಮಗಳಿಗೆ ಅಂಕ, ಉದ್ದದಲ್ಲಿ ಪ್ರತಿ ನೂರು ಅಕ್ಷರಕ್ಕೆ ಒಂದರಂತೆ ಹೆಚ್ಚೆಂದರೆ ಮೂರು. 25 ಅಕ್ಷರಕ್ಕಿಂತ ಚಿಕ್ಕದಾದ ಪ್ಯಾರಾ ಲೆಕ್ಕಕ್ಕೇ ಇಲ್ಲ. ಕೊನೆಯಲ್ಲಿ, ಪೆಟ್ಟಿಗೆಯ ಪಠ್ಯದಲ್ಲಿ ಕೊಂಡಿಯೊಳಗಿರುವ ಪಾಲು ಎಷ್ಟಿದೆಯೋ ಅಷ್ಟು ಅಂಕ ಕಡಿತ.

ಒಂದು ಲೆಕ್ಕ ಮಾಡಿ ನೋಡೋಣ. ಆರು ಪ್ಯಾರಾಗಳ ಲೇಖನ, ಪ್ರತಿಯೊಂದರಲ್ಲಿ 450 ಅಕ್ಷರ, ನಾಲ್ಕು ಅಲ್ಪವಿರಾಮ. ಒಂದಕ್ಕೆ ಸುಮಾರು 8 ಅಂಕ, ಒಟ್ಟು 48. ಕೊಂಡಿಗಳ ಪಾಲು ನೂರಕ್ಕೆ ಐದು ಎಂದರೆ ಸುಮಾರು 46 ಉಳಿಯುತ್ತದೆ. ಪಕ್ಕದಲ್ಲಿ ‘ಹೆಚ್ಚು ಓದಿದ ಸುದ್ದಿ’ ಎಂಬ ಪೆಟ್ಟಿಗೆ, ಅದರಲ್ಲಿ ಹತ್ತು ಶೀರ್ಷಿಕೆಗಳು. ಒಂದೊಂದಕ್ಕೆ ಒಂದು ಅಂಕ ಸಿಕ್ಕರೂ ಒಟ್ಟು 10. ಆದರೆ ಅಲ್ಲಿ ಬಹುಪಾಲು ಪಠ್ಯ ಕೊಂಡಿಯೇ, ನೂರಕ್ಕೆ 95. ಉಳಿಯುವುದು ಅರ್ಧ ಅಂಕ. ಲೇಖನದ ಮಾತು ಓದುಗರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುತ್ತದೆ, ಮೆನುವಿನ ಮಾತು ಬೇರೆಡೆಗೆ ಕಳಿಸುತ್ತದೆ. ಆ ವ್ಯತ್ಯಾಸವನ್ನು ಕೊಂಡಿಯ ಪಾಲು ಚೆನ್ನಾಗಿ ಹಿಡಿಯುತ್ತದೆ.

ಇದು ಎಡವುವುದು ಕವಿತೆಯಲ್ಲಿ. ‘ಮಳೆ ನಿಂತ ಮೇಲೆ’ ಎಂಬ ಸಾಲನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಆರು ಅಕ್ಷರ. ಪ್ರೋಗ್ರಾಂ ಸ್ವರಚಿಹ್ನೆ, ಅನುಸ್ವಾರ, ಖಾಲಿ ಜಾಗ ಎಲ್ಲವನ್ನೂ ಬೇರೆಬೇರೆ ಎಣಿಸುವುದರಿಂದ ಅದಕ್ಕೆ ಹದಿಮೂರು. ಹಾಗೆ ಎಣಿಸಿದರೂ 25 ಮುಟ್ಟಲಿಲ್ಲ. ಪ್ರತಿ ಸಾಲನ್ನೂ ಪ್ರತ್ಯೇಕ ಪ್ಯಾರಾ ಮಾಡಿದ ಪುಟದಲ್ಲಿ ಇಡೀ ಕವಿತೆಗೆ ಸೊನ್ನೆ ಅಂಕ ಬಂದು, ಕೆಳಗಿರುವ ಕವಿಪರಿಚಯವೇ ಲೇಖನವೆಂದು ಆಯ್ಕೆಯಾಗಬಹುದು. ನನ್ನ ಸಂಗ್ರಹದಲ್ಲಿ ಮೂರು ಕವಿತೆಗಳು ಹೀಗೆಯೇ ಮಾಯವಾಗಿದ್ದವು. ಪರಿಚಯ ಓದುವಾಗ ಎಲ್ಲವೂ ಅಚ್ಚುಕಟ್ಟಾಗಿ ಕಂಡದ್ದರಿಂದ ಬಹಳ ದಿನ ಗೊತ್ತೇ ಆಗಲಿಲ್ಲ. ಕಸ ಉಳಿದರೆ ಕಣ್ಣಿಗೆ ಬೀಳುತ್ತದೆ, ಕಾಳು ಹೋದರೆ ಬೀಳುವುದಿಲ್ಲ. ಅದಕ್ಕೇ ಶುಚಿಗೊಳಿಸಿದ ಪ್ರತಿಯ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯವನ್ನು ಮೂಲ ಪುಟದೊಂದಿಗೆ ಹೋಲಿಸುವುದನ್ನು ಈಗ ನಾನು ಬಿಡುವುದಿಲ್ಲ.

ಇನ್ನು ‘ಇದನ್ನೂ ಓದಿ’. ಇದು ಲೇಖನದ ಪೆಟ್ಟಿಗೆಯೊಳಗೇ ಇರುವುದರಿಂದ ಪೆಟ್ಟಿಗೆ ಆರಿಸುವ ವಿಧಾನ ಇದನ್ನು ಹೊರಹಾಕದೆ ಇರಬಹುದು. ಅದೇ ಕೊಂಡಿಯ ಲೆಕ್ಕವನ್ನು ಒಂದೊಂದು ಪ್ಯಾರಾಕ್ಕೂ ಮಾಡಿ. ‘ಇದನ್ನೂ ಓದಿ’ ಎಂಬ ಎರಡು ಪದ ಹೊರಗೆ, ಎಂಟು ಪದಗಳ ಶೀರ್ಷಿಕೆ ಕೊಂಡಿಯೊಳಗೆ ಎಂದರೆ ಹತ್ತರಲ್ಲಿ ಎಂಟು ಪಾಲು ಕೊಂಡಿ. ಲೇಖಕರೇ ಬರೆದ ನಲವತ್ತು ಪದಗಳ ಪ್ಯಾರಾದಲ್ಲಿ ಮೂರು ಪದ ಮಾತ್ರ ಕೊಂಡಿಯಾಗಿರುತ್ತವೆ. ಅರ್ಧಕ್ಕಿಂತ ಹೆಚ್ಚು ಕೊಂಡಿಯಾಗಿರುವ ಪ್ಯಾರಾಗಳನ್ನು ನಾನು ತೆಗೆಯುತ್ತೇನೆ. ಆದರೆ ಲೇಖನದ ಕೊನೆಯಲ್ಲಿ ಲೇಖಕರು ಕೊಟ್ಟ ಆಕರಗಳ ಪಟ್ಟಿಯೂ ಇದೇ ಲಕ್ಷಣ ಹೊಂದಿರುತ್ತದೆ. ಅದನ್ನು ಕಣ್ಣಾರೆ ನೋಡಿಯೇ ಉಳಿಸಿಕೊಳ್ಳಬೇಕು.

ಮೂಲ ಪುಟ ಕೈಬಿಟ್ಟುಹೋಗಿ ಬರೀ ಪಠ್ಯ ಉಳಿದಿದ್ದರೆ? ನನ್ನ ಇನ್ನೂರರಲ್ಲಿ ಅರುವತ್ತು ಹಾಗಿದ್ದವು. ಆಗ ನೆರವಿಗೆ ಬರುವುದು ಪುನರಾವರ್ತನೆ. ಒಂದು ತಾಣದ ಮೆನು ಅದರ ಎಲ್ಲ ಪುಟಗಳಲ್ಲೂ ಒಂದೇ, ಲೇಖನದ ವಾಕ್ಯ ಒಂದೇ ಪುಟದಲ್ಲಿ. ಒಂದೇ ತಾಣದ ಕಡತಗಳನ್ನು ಒಂದು ಫೋಲ್ಡರಿಗೆ ಹಾಕಿ, ಲಿನಕ್ಸ್‌ನಲ್ಲಿ ಹೀಗೆ ಕೊಡಿ:

```
export LC_ALL=C
for f in *.txt; do sort -u "$f"; done | sort | uniq -c | sort -rn | head -40
```

ಪ್ರತಿ ಸಾಲೂ ಎಷ್ಟು ಕಡತಗಳಲ್ಲಿ ಇದೆ ಎಂಬ ಪಟ್ಟಿ ಬರುತ್ತದೆ. ಇಲ್ಲಿ `sort -u` ಮುಖ್ಯ. ಅದಿಲ್ಲದಿದ್ದರೆ ಒಂದೇ ಹಾಡಿನಲ್ಲಿ ಎಂಟು ಸಲ ಬರುವ ಪಲ್ಲವಿಯೂ ಮೇಲೆ ಬಂದು, ಕಸವೆಂದು ಅಳಿಸಿಬಿಡುತ್ತೀರಿ. ಮೊದಲ ಸಾಲು, ಭಾಷೆಯ ವಿಂಗಡಣೆ ನಿಯಮಗಳನ್ನು ಬಿಟ್ಟು ಅಕ್ಷರಗಳನ್ನು ಇದ್ದ ಹಾಗೇ ಹೋಲಿಸು ಎಂದು ಹೇಳುತ್ತದೆ.

ನನ್ನ ಅರುವತ್ತು ಕಡತಗಳ ಪಟ್ಟಿಯಲ್ಲಿ ಮೇಲೆ ಬಂದದ್ದು ಆ ಅಂಟಿದ ಮೆನು, ಕೆಳಗೆ ‘ಜಾಹೀರಾತು’, ಆಮೇಲೆ ‘ಹಂಚಿಕೊಳ್ಳಿ’. ಹನ್ನೊಂದು ಕಡತಗಳಲ್ಲಿ ‘ಮುಂದುವರಿಯುವುದು’ ಎಂಬ ಸಾಲೂ ಇತ್ತು. ಅದು ಹನ್ನೊಂದು ಕಂತುಗಳಲ್ಲಿ ಬಂದ ಒಂದು ಪ್ರವಾಸಕಥನದ ಸಾಲು, ಲೇಖಕಿಯೇ ಬರೆದದ್ದು. ಅದನ್ನು ಹಾಗೆಯೇ ಬಿಟ್ಟೆ. ಹನ್ನೊಂದನೆಯ ಕಂತಿನ ಕೊನೆಯಲ್ಲೂ ಅದು ಇದೆ. ಹನ್ನೆರಡನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.