ಟ್ರಸ್ಟಿನ ಆದಾಯ: ತೆರಿಗೆ ಕಟ್ಟುವವರು ಯಾರು?

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಕುಟುಂಬದ ಟ್ರಸ್ಟ್ ಬಗ್ಗೆ. ದೇವಸ್ಥಾನದ ಟ್ರಸ್ಟ್, ಶಾಲೆ ನಡೆಸುವ ಟ್ರಸ್ಟ್ ಬೇರೆ. ಅವುಗಳ ನಿಯಮವೂ ಬೇರೆ. ನಾನು ಹೇಳುತ್ತಿರುವುದು ಅಪ್ಪನೋ ಅಜ್ಜನೋ ತನ್ನ ಮನೆಯವರಿಗಾಗಿ ಮಳಿಗೆ, ಷೇರು, ಠೇವಣಿಗಳನ್ನು ಟ್ರಸ್ಟಿಗೆ ಬರೆದುಕೊಡುತ್ತಾರಲ್ಲ, ಅದನ್ನು. ಆ ಆಸ್ತಿಯಿಂದ ಬರುವ ಆದಾಯಕ್ಕೆ ತೆರಿಗೆ ಯಾರು ಕಟ್ಟಬೇಕು?

ಹಣ ಯಾರ ಕೈಗೆ ಸೇರಿತೋ ಅವರು ಕಟ್ಟಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ತೆರಿಗೆ ಇಲಾಖೆ ಮೊದಲು ಡೀಡ್ ಓದುತ್ತದೆ. ಓದುವಾಗ ಎರಡೇ ಪ್ರಶ್ನೆ ಕೇಳುತ್ತದೆ. ಕೊಟ್ಟವರಿಗೆ ಆಸ್ತಿ ಹಿಂದಕ್ಕೆ ಬರುವ ದಾರಿ ಇದೆಯೇ? ಇಲ್ಲದಿದ್ದರೆ, ಯಾರಿಗೆ ಎಷ್ಟು ಪಾಲು ಎಂದು ಬರೆದಿದೆಯೇ? ಈ ಎರಡು ಪ್ರಶ್ನೆಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಒಂದು ಮನೆಯ ಲೆಕ್ಕ ಹಾಕೋಣ. ದಾವಣಗೆರೆಯಲ್ಲಿ ಒಬ್ಬ ಯಜಮಾನರು ಇದ್ದಾರೆ ಅನ್ನಿ. ಮುಖ್ಯರಸ್ತೆಯಲ್ಲಿ ನಾಲ್ಕು ಮಳಿಗೆ, ಒಂದೊಂದಕ್ಕೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ. ವರ್ಷಕ್ಕೆ 12 ಲಕ್ಷ. ಬಾಡಿಗೆಗೆ ಕಾನೂನು ಕೊಡುವ ನೂರಕ್ಕೆ 30ರ ಕಡಿತ ಕಳೆದರೆ ಉಳಿಯುವುದು 8 ಲಕ್ಷ 40 ಸಾವಿರ. ಯಜಮಾನರಿಗೆ ವ್ಯಾಪಾರದಿಂದ ಬೇರೆ 26 ಲಕ್ಷ ಆದಾಯವಿದೆ. ಹೊಸ ಪದ್ಧತಿಯಲ್ಲಿ 24 ಲಕ್ಷ ದಾಟಿದ ಮೇಲೆ ಬರುವ ಪ್ರತಿ ರೂಪಾಯಿಗೂ ನೂರಕ್ಕೆ 30 ತೆರಿಗೆ, ಅದರ ಮೇಲೆ ನೂರಕ್ಕೆ 4 ಸೆಸ್. ಹಾಗಾಗಿ ಈ ಬಾಡಿಗೆಯೊಂದಕ್ಕೇ ಅವರು ಕಟ್ಟುತ್ತಿರುವುದು 2,62,080 ರೂಪಾಯಿ. ಈ ಅಂಕಿ ನೆನಪಿರಲಿ.

ಮಕ್ಕಳು ಮೂವರು. ದೊಡ್ಡ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು 30 ಲಕ್ಷ ಸಂಪಾದಿಸುತ್ತಾನೆ. ಮಗಳು ಮನೆ ನೋಡಿಕೊಂಡಿದ್ದಾಳೆ, ಸ್ವಂತ ಆದಾಯವಿಲ್ಲ. ಚಿಕ್ಕ ಮಗನಿಗೆ 20 ವರ್ಷ, ಓದುತ್ತಿದ್ದಾನೆ. ಮಳಿಗೆಗಳನ್ನು ಟ್ರಸ್ಟಿಗೆ ಬರೆದು ಬಾಡಿಗೆ ಮಕ್ಕಳಿಗೆ ಹೋಗುವಂತೆ ಮಾಡಬೇಕು ಎಂದು ಯಜಮಾನರು ಡೀಡ್ ಬರೆಸಲು ಹೊರಡುತ್ತಾರೆ.

ಬರೆಯುವವರು ಯಾವುದೋ ಹಳೆಯ ಮಾದರಿಯಿಂದ ಒಂದು ಸಾಲು ಸೇರಿಸುತ್ತಾರೆ: "ನನ್ನ ಜೀವಿತಾವಧಿಯಲ್ಲಿ ಅಗತ್ಯ ಬಿದ್ದಲ್ಲಿ ಸದರಿ ಸ್ವತ್ತುಗಳನ್ನು ಹಿಂಪಡೆಯುವ ಹಕ್ಕು ನನಗಿರತಕ್ಕದ್ದು." ಯಜಮಾನರಿಗೂ ಸಮಾಧಾನ. ವಯಸ್ಸಾಗಿದೆ, ಮಕ್ಕಳು ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬ ಅಳುಕು ಯಾರಿಗಿಲ್ಲ? ಡೀಡ್ ರಿಜಿಸ್ಟರ್ ಆಗುತ್ತದೆ. ಬಾಡಿಗೆ ಟ್ರಸ್ಟಿನ ಖಾತೆಗೆ ಬೀಳುತ್ತದೆ, ಅಲ್ಲಿಂದ ಮಕ್ಕಳ ಖಾತೆಗೆ ಹೋಗುತ್ತದೆ. ಯಜಮಾನರ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ಆದರೂ ತೆರಿಗೆ ಕಟ್ಟಬೇಕಾದವರು ಯಜಮಾನರೇ. ಮೊದಲಿನ 2,62,080 ಹಾಗೇ ಉಳಿಯುತ್ತದೆ.

ಯಾಕೆ? ಮೊದಲ ಪ್ರಶ್ನೆಗೆ ಉತ್ತರ "ಹೌದು" ಆಗಿಬಿಟ್ಟಿತು. ಹಿಂದಕ್ಕೆ ಬರುವ ದಾರಿ ಇದೆ. ಇದನ್ನೇ ರಿವೋಕಬಲ್ ಟ್ರಸ್ಟ್, ಅಂದರೆ ರದ್ದುಪಡಿಸಬಹುದಾದ ಟ್ರಸ್ಟ್ ಎನ್ನುವುದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ 61 ಮತ್ತು 63 ಇದನ್ನು ಹೇಳುತ್ತವೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ತತ್ವ ಅದೇ. ಕಲಂ 63ರ ಮಾತು ಬಹಳ ಅಗಲ. ಆಸ್ತಿಯಾಗಲಿ ಅದರ ಆದಾಯವಾಗಲಿ, ಪೂರ್ತಿಯೋ ಒಂದು ಭಾಗವೋ, ನೇರವಾಗಿಯೋ ಸುತ್ತಿ ಬಳಸಿಯೋ ಕೊಟ್ಟವರ ಕೈಗೆ ಮರಳುವ ಅವಕಾಶವಿದ್ದರೆ, ಅಥವಾ ಅದರ ಮೇಲಿನ ಅಧಿಕಾರವನ್ನು ಅವರು ಮತ್ತೆ ವಹಿಸಿಕೊಳ್ಳುವ ಹಕ್ಕಿದ್ದರೆ, ಅದು ರದ್ದುಪಡಿಸಬಹುದಾದದ್ದೇ. ಹಕ್ಕನ್ನು ಚಲಾಯಿಸಿರಬೇಕೆಂದಿಲ್ಲ, ಡೀಡಿನಲ್ಲಿ ಇದ್ದರೆ ಸಾಕು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ರದ್ದುಪಡಿಸಲಾಗದ ಟ್ರಸ್ಟ್" ಎಂದು ಬರೆದು, ಒಂಬತ್ತನೇ ಪುಟದಲ್ಲಿ "ಫಲಾನುಭವಿಗಳ ಪಟ್ಟಿಗೆ ಸ್ಥಾಪಕರು ತಮ್ಮನ್ನು ಸೇರಿಸಿಕೊಳ್ಳಬಹುದು" ಎಂದು ಬರೆಯುವವರಿದ್ದಾರೆ. ಅಧಿಕಾರಿ ಒಂಬತ್ತನೇ ಪುಟವನ್ನೂ ಓದುತ್ತಾರೆ, ಸ್ವಾಮಿ. ಕೊಟ್ಟವರು ಟ್ರಸ್ಟಿಯಾಗಿ, ಅಂದರೆ ಟ್ರಸ್ಟಿನ ಆಸ್ತಿ ನೋಡಿಕೊಳ್ಳುವವರಾಗಿ ಇರಬಾರದೇ ಎಂದು ಕೇಳಬಹುದು. ಧಾರಾಳವಾಗಿ ಇರಬಹುದು. ಮಕ್ಕಳ ಪರವಾಗಿ ನೋಡಿಕೊಳ್ಳುವುದಕ್ಕೂ ತಮಗೇ ವಾಪಸು ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ರದ್ದುಪಡಿಸಬಹುದಾದ ಟ್ರಸ್ಟ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹತೋಟಿ ಬೇಕು ಎನ್ನುವವರಿಗೆ ಅದು ಸರಿಯಾದ ದಾರಿಯೇ. ಹತೋಟಿಯೂ ಬೇಕು, ತೆರಿಗೆಯೂ ಉಳಿಯಬೇಕು ಎಂದರೆ ಮಾತ್ರ ಆಗುವುದಿಲ್ಲ.

ಯಜಮಾನರು ಆ ಸಾಲನ್ನು ತೆಗೆಸಿದರು ಅನ್ನಿ. ಈಗ ಹಿಂದಕ್ಕೆ ಬರುವ ದಾರಿ ಇಲ್ಲ. ಆದರೆ ಹಂಚಿಕೆಯ ಜಾಗದಲ್ಲಿ ಹೀಗೆ ಬರೆಸಿದರು: "ನನ್ನ ಮೂವರು ಮಕ್ಕಳಿಗೆ ಅವರವರ ಅಗತ್ಯಕ್ಕೆ ತಕ್ಕಂತೆ, ಟ್ರಸ್ಟಿಗಳಿಗೆ ಸೂಕ್ತ ಕಂಡಷ್ಟು." ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಎರಡನೇ ಪ್ರಶ್ನೆ ಹಾಕಿ: ಯಾರಿಗೆ ಎಷ್ಟು ಎಂದು ಬರೆದಿದೆಯೇ? ಇಲ್ಲ. ಇದು ಡಿಸ್ಕ್ರಿಷನರಿ ಟ್ರಸ್ಟ್, ವಿವೇಚನೆಯ ಟ್ರಸ್ಟ್. ಇಲ್ಲಿ 1961ರ ಕಾಯ್ದೆಯ ಕಲಂ 164ರ ಪ್ರಕಾರ ಟ್ರಸ್ಟಿಗಳೇ ತೆರಿಗೆ ಕಟ್ಟಬೇಕು, ಅದೂ ಗರಿಷ್ಠ ದರದಲ್ಲಿ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ ಎಂಬ ರಿಯಾಯಿತಿ ಇಲ್ಲ, ಸ್ಲ್ಯಾಬ್ ಇಲ್ಲ. ಮೊದಲ ರೂಪಾಯಿಯಿಂದಲೇ ನೂರಕ್ಕೆ 30, ಜೊತೆಗೆ ಸೆಸ್. 8 ಲಕ್ಷ 40 ಸಾವಿರಕ್ಕೆ ಮತ್ತದೇ 2,62,080! ಇದಕ್ಕೆ ಅತಿ ದೊಡ್ಡ ಶ್ರೀಮಂತರ ತೆರಿಗೆಯ ಮೇಲೆ ಬೀಳುವ ಸರ್‌ಚಾರ್ಜನ್ನೂ ಸೇರಿಸಿದರೆ ದರ ನೂರಕ್ಕೆ 39 ಆಗಿ, ತೆರಿಗೆ 3,27,600ಕ್ಕೆ ಏರುತ್ತದೆ. ಸಣ್ಣ ಆದಾಯದ ಟ್ರಸ್ಟುಗಳಿಗೂ ಹಾಗೆ ಹಾಕಿ ನೋಟಿಸ್ ಬರುತ್ತಿತ್ತು. ಸರ್‌ಚಾರ್ಜನ್ನು ಆ ಟ್ರಸ್ಟಿನ ಆದಾಯದ ಮಟ್ಟ ನೋಡಿಯೇ ಹಾಕಬೇಕು ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬೈ ವಿಶೇಷ ಪೀಠ 2025ರಲ್ಲಿ ಹೇಳಿತು. ಅಂಥ ನೋಟಿಸ್ ಬಂದವರು ಆ ತೀರ್ಪನ್ನು ತಮ್ಮ ಆಡಿಟರ್ ಮುಂದೆ ಇಡಿ.

ಈಗ ಮೂರನೇ ಸಲ, ಅದೇ ಸಾಲನ್ನು ಬದಲಿಸೋಣ: "ಮೂವರಿಗೂ ತಲಾ ಮೂರನೇ ಒಂದು ಪಾಲು." ಅಷ್ಟೇ. ಒಬ್ಬೊಬ್ಬರಿಗೆ 2 ಲಕ್ಷ 80 ಸಾವಿರ. ಮಗಳಿಗೆ ಬೇರೆ ಆದಾಯವಿಲ್ಲ, 4 ಲಕ್ಷದ ಒಳಗಿದೆ, ತೆರಿಗೆ ಸೊನ್ನೆ. ಚಿಕ್ಕ ಮಗನಿಗೂ ಸೊನ್ನೆ. ದೊಡ್ಡ ಮಗ ನೂರಕ್ಕೆ 30ರ ಸ್ಲ್ಯಾಬಿನಲ್ಲಿದ್ದಾನೆ, ಅವನ ಪಾಲಿಗೆ 87,360. ಮಳಿಗೆಗಳು ಅವೇ, ಬಾಡಿಗೆ ಅದೇ, ಮಕ್ಕಳೂ ಅವರೇ. ಒಂದು ಸಾಲು ಬದಲಾದದ್ದಕ್ಕೆ ವರ್ಷಕ್ಕೆ 1,74,720 ರೂಪಾಯಿ ಉಳಿಯಿತು.

ಪಾಲು ಡೀಡಿನಲ್ಲೇ ಇರಬೇಕು, ಡೀಡ್ ಆದ ದಿನವೇ ಗೊತ್ತಾಗುವಂತಿರಬೇಕು. ಆಮೇಲೆ ಟ್ರಸ್ಟಿಗಳು ಸಭೆ ಸೇರಿ "ಈ ವರ್ಷ ಇಷ್ಟಿಷ್ಟು" ಎಂದು ನಿರ್ಣಯ ಬರೆದರೆ ನಡೆಯದು. ಪ್ರತಿ ವರ್ಷ ಸಮವಾಗಿಯೇ ಹಂಚಿದ್ದೇವೆ ಎಂದರೂ ನಡೆಯದು. ವಿವೇಚನೆಯ ಟ್ರಸ್ಟಿನಲ್ಲಿ ಹಣ ಹಂಚಿಬಿಟ್ಟಿದ್ದರೆ, ಪಡೆದವರ ಕೈಯಲ್ಲಿ ನೇರವಾಗಿ ತೆರಿಗೆ ಹಾಕುವ ಆಯ್ಕೆ ಇಲಾಖೆಗಿದೆ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದೆ. ಆಯ್ಕೆ ಇಲಾಖೆಯದು, ನಿಮ್ಮದಲ್ಲ. ಒಂದೇ ಆದಾಯಕ್ಕೆ ಇಬ್ಬರಿಂದಲೂ ವಸೂಲಿ ಮಾಡುವಂತಿಲ್ಲ ಎಂಬುದಷ್ಟೇ ಸಮಾಧಾನ.

ಹಾಗಾದರೆ ವಿವೇಚನೆಯ ಟ್ರಸ್ಟ್ ಯಾರಿಗೆ ಬೇಕು? ಬುದ್ಧಿಮಾಂದ್ಯ ಮಗುವಿರುವ ಮನೆ, ಸಾಲದ ಸುಳಿಯಲ್ಲಿರುವ ಮಗನಿರುವ ಮನೆ. ಇಂತಿಷ್ಟು ನನ್ನದು ಎಂದು ಅವರು ಕೇಳುವಂತೆಯೇ ಇರಬಾರದು, ಅಲ್ಲವೇ? ಅಂಥವರಿಗೆ ಕಾನೂನು ಎರಡು ಕಿಂಡಿ ಬಿಟ್ಟಿದೆ. ಫಲಾನುಭವಿಗಳಲ್ಲಿ ಒಬ್ಬರಿಗೂ ತೆರಿಗೆ ಮಿತಿ ದಾಟುವ ಬೇರೆ ಆದಾಯ ಇರದಿದ್ದರೆ, ಮತ್ತು ಅವರಲ್ಲಿ ಯಾರೂ ಬೇರೆ ಟ್ರಸ್ಟಿನಲ್ಲಿ ಫಲಾನುಭವಿ ಆಗಿರದಿದ್ದರೆ, ಗರಿಷ್ಠ ದರದ ಬದಲು ಮಾಮೂಲಿ ಸ್ಲ್ಯಾಬ್ ದರ ಸಿಗುತ್ತದೆ. ನಮ್ಮ ಯಜಮಾನರಿಗೆ ಇದು ತಪ್ಪಿದ್ದು ದೊಡ್ಡ ಮಗನಿಂದ. 30 ಲಕ್ಷದವನೊಬ್ಬ ಪಟ್ಟಿಯಲ್ಲಿದ್ದ, ಉಳಿದಿಬ್ಬರಿಗೂ ರಿಯಾಯಿತಿ ಹೋಯಿತು. ಇನ್ನೊಂದು ಕಿಂಡಿ ವಿಲ್. ವಿಲ್ ಮೂಲಕ ಮಾಡಿದ ಟ್ರಸ್ಟ್ ಆಗಿದ್ದು, ವಿಲ್ ಬರೆದವರು ಹಾಗೆ ಮಾಡಿದ ಟ್ರಸ್ಟ್ ಅದೊಂದೇ ಆಗಿದ್ದರೆ, ವಿವೇಚನೆಯದ್ದಾದರೂ ಸ್ಲ್ಯಾಬ್ ದರವೇ. ನಮ್ಮ ಲೆಕ್ಕದಲ್ಲಿ 24,960 ರೂಪಾಯಿ. ಒಂದೇ ವಿಲ್‌ನಲ್ಲಿ ಮಗಳಿಗೊಂದು, ಮಗನಿಗೊಂದು ಎಂದು ಎರಡು ಟ್ರಸ್ಟ್ ಮಾಡಿದರೆ ಎರಡಕ್ಕೂ ಈ ಅನುಕೂಲ ಇಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪಾಲು ಸ್ಪಷ್ಟವಾಗಿ ಬರೆದರೂ, ಹೆಂಡತಿಗೋ ಸೊಸೆಗೋ ಬರೆದ ಪಾಲಿನ ಆದಾಯ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ. ಮಗಳಿಗೆ ಬರೆದದ್ದು ಹಾಗೆ ಸೇರುವುದಿಲ್ಲ. 18 ತುಂಬದ ಮೊಮ್ಮಗುವಿನ ಪಾಲು ಅದರ ಅಪ್ಪ ಅಮ್ಮಂದಿರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಹೋಗುತ್ತದೆ. ಟ್ರಸ್ಟಿಗೆ ವ್ಯಾಪಾರ ಸೇರಿಸಬೇಡಿ. ವ್ಯಾಪಾರದ ಲಾಭ ಬಂದರೆ, ಪಾಲು ಬರೆದಿದ್ದರೂ ಇಡೀ ಆದಾಯಕ್ಕೆ ಗರಿಷ್ಠ ದರ. ಅವಲಂಬಿತ ಬಂಧುವಿಗಾಗಿ ವಿಲ್ ಮೂಲಕ ಮಾಡಿದ ಒಂದೇ ಟ್ರಸ್ಟಿಗೆ ಮಾತ್ರ ವಿನಾಯಿತಿ.

ಸ್ಥಿರಾಸ್ತಿ ಇರುವ ಡೀಡ್ ರಿಜಿಸ್ಟರ್ ಆಗಲೇಬೇಕು. ಟ್ರಸ್ಟಿಗೆ ಅದರದೇ ಪ್ಯಾನ್ ತೆಗೆಸಿ, ಬಾಡಿಗೆ ಕರಾರನ್ನೂ ಟ್ರಸ್ಟಿನ ಹೆಸರಿಗೆ ಬದಲಿಸಿ. ಇಲ್ಲವಾದರೆ ಬಾಡಿಗೆದಾರರು ಕಡಿತ ಮಾಡಿದ ಟಿಡಿಎಸ್ ಯಜಮಾನರ ಹಳೆಯ ಪ್ಯಾನಿಗೇ ಬೀಳುತ್ತಿರುತ್ತದೆ, ಆದಾಯ ಒಬ್ಬರ ಹೆಸರಲ್ಲಿ, ಜಮೆ ಇನ್ನೊಬ್ಬರ ಹೆಸರಲ್ಲಿ ಕಾಣುತ್ತದೆ. ಡೀಡ್ ಕೈಯಲ್ಲಿರುವವರು ಇವತ್ತೇ ತೆಗೆದು ಎರಡು ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ: ಸ್ಥಾಪಕರ ಅಧಿಕಾರಗಳ ಪಟ್ಟಿಗೆ ಒಂದು, ಆದಾಯ ಹಂಚಿಕೆಯ ಸಾಲಿಗೆ ಇನ್ನೊಂದು. ಆಡಿಟರ್ ಬಳಿ ಹೋದಾಗ ಆ ಎರಡನ್ನೇ ಮೊದಲು ತೋರಿಸಿ.

ನಮಸ್ಕಾರ.