ತಹಶೀಲ್ದಾರರಿಗೂ ಜಮೇದಾರರಿಗೂ ಒಂದೇ ವೇದಿಕೆ: ಬೀಳ್ಕೊಡುಗೆಯ ಮಾತು ಹೇಗಿರಬೇಕು?

ನಮಸ್ಕಾರ. ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರೂ ಜಮೇದಾರರೂ ಒಂದೇ ದಿನ ನಿವೃತ್ತರಾಗುತ್ತಿದ್ದಾರೆ, ಇಬ್ಬರನ್ನೂ ಕುರಿತು ನಾನು ಹೇಗೆ ಮಾತನಾಡಲಿ ಎಂದು ಪ್ರಥಮ ದರ್ಜೆ ಸಹಾಯಕರೊಬ್ಬರು ಕೇಳಿದ್ದಾರೆ. ಇದು ಅಪರೂಪವೇನಲ್ಲ. ರಾಜ್ಯ ಸರ್ಕಾರಿ ನೌಕರರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದುತ್ತಾರೆ. ಹುಟ್ಟಿದ್ದು ಒಂದನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಗೇ. ಶಾಲೆಗೆ ಸೇರಿಸುವಾಗ ಜನ್ಮದಿನವನ್ನು ಜೂನ್ 1 ಎಂದು ಬರೆಸಿದವರು ಆ ತಲೆಮಾರಿನಲ್ಲಿ ಬಹಳ ಮಂದಿ ಇರುವುದರಿಂದ, ಬೇರೆ ಬೇರೆ ದರ್ಜೆಯವರು ಮೇ 31ರಂದು ಒಟ್ಟಿಗೆ ಹಾರ ಹಾಕಿಸಿಕೊಳ್ಳುತ್ತಾರೆ.

ಮೊದಲು ಆಹ್ವಾನ ಪತ್ರಿಕೆ. ‘ತಹಶೀಲ್ದಾರರು ದಕ್ಷ ಸೇವೆ ಸಲ್ಲಿಸಿ ವಯೋನಿವೃತ್ತಿ ಹೊಂದುತ್ತಿದ್ದು, ಜಮೇದಾರ್ ಸಹ ನಿವೃತ್ತರಾಗುತ್ತಿದ್ದಾರೆ’ ಎಂಬ ವಾಕ್ಯವನ್ನೇ ನೋಡಿ. ಇಲ್ಲಿ ನೋವು ತರುವುದು ಹೆಸರಿನ ಕ್ರಮವಲ್ಲ. ಮೇಲಧಿಕಾರಿಯ ಹೆಸರು ಮೊದಲು ಬರುವುದು ಎಲ್ಲರೂ ಒಪ್ಪಿದ ಪದ್ಧತಿ, ಅದಕ್ಕೆ ಯಾರೂ ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲ. ಒಬ್ಬರಿಗೆ ‘ಸೇವೆ’ ದೊರೆತು, ಅಷ್ಟೇ ವರ್ಷ ದುಡಿದ ಇನ್ನೊಬ್ಬರಿಗೆ ಬರೀ ‘ಸಹ’ ಉಳಿಯುವುದೇ ನೋವು. ಆದ್ದರಿಂದ ಹೆಸರುಗಳನ್ನು ದರ್ಜೆಯ ಕ್ರಮದಲ್ಲೇ ಬರೆಯಿರಿ, ಇಬ್ಬರಿಗೂ ‘ಶ್ರೀ’ ಮತ್ತು ‘ಅವರು’ ಸೇರಿಸಿ, ಕೊನೆಗೆ ‘ಇವರು ಸೇವೆ ಸಲ್ಲಿಸಿ ವಯೋನಿವೃತ್ತಿ ಹೊಂದುತ್ತಿದ್ದಾರೆ’ ಎಂಬ ಒಂದೇ ಕ್ರಿಯಾಪದಕ್ಕೆ ಇಬ್ಬರನ್ನೂ ತನ್ನಿ.

ಭಾಷಣದಲ್ಲಿ ಮಾತ್ರ ಇಬ್ಬರಿಗೂ ಒಂದೇ ಮಾತು ಹೊಂದುವುದಿಲ್ಲ. ಕೆಳಗಿನ ನೌಕರರು ತಹಶೀಲ್ದಾರರಿಗೆ ‘ಚೆನ್ನಾಗಿ ಕೆಲಸ ಮಾಡಿದಿರಿ’ ಎಂದರೆ ಕೈಕೆಳಗಿನವರೇ ಸರ್ಟಿಫಿಕೇಟ್ ಕೊಟ್ಟಂತಾಗುತ್ತದೆ. ‘ಪೋಡಿ ಕಡತಗಳ ಟಿಪ್ಪಣಿ ಬರೆಯುವುದನ್ನು ತಮ್ಮಿಂದ ಕಲಿತೆವು’ ಎಂದರೆ ಗೌರವವೂ ಉಳಿಯುತ್ತದೆ, ಮಾತೂ ನಿಜವಾಗುತ್ತದೆ. ಜಮೇದಾರರ ಬಗ್ಗೆ ‘ಹೇಳಿದ ಕೆಲಸ ಮಾಡುತ್ತಿದ್ದರು’ ಎಂದರೆ ಅವರ ಬುದ್ಧಿಯನ್ನೇ ಅಳಿಸಿದಂತೆ. ಹಾಗೆಂದು ‘ತಮ್ಮ ಘನ ಮಾರ್ಗದರ್ಶನದಲ್ಲಿ’ ಎಂದು ಏರಿಸಿದರೆ ಸಭೆಯಲ್ಲಿ ನಗೆ ಹುಟ್ಟಿ, ಅವರು ತಲೆ ತಗ್ಗಿಸಬೇಕಾಗುತ್ತದೆ. ‘ರೆಕಾರ್ಡ್ ರೂಮಿನಲ್ಲಿ ಯಾವ ಹೋಬಳಿಯ ಮ್ಯುಟೇಷನ್ ರಿಜಿಸ್ಟರ್ ಯಾವ ರ‍್ಯಾಕಿನಲ್ಲಿದೆ ಎಂದು ಇವರಿಗೆ ನೋಡದೆಯೇ ಗೊತ್ತಿತ್ತು, ಹಳೆಯ ಪಹಣಿಗಾಗಿ ಬಂದ ರೈತರನ್ನು ಇವರು ಮರುದಿನ ಬನ್ನಿ ಎಂದು ಕಳುಹಿಸಲಿಲ್ಲ’ ಎಂದು ಹೇಳಿ ನೋಡಿ. ನನಗೆ ಬಹಳ ಮೆಚ್ಚುಗೆಯಾಗುವ ಹೊಗಳಿಕೆ ಇದು, ಏಕೆಂದರೆ ಇದನ್ನು ಬೇರೆ ಯಾರಿಗೂ ಹೊಂದಿಸಲಾಗದು.

ದಿನವೂ ಏಕವಚನದಲ್ಲಿ ಕರೆಯುತ್ತಿದ್ದವರು ಮೈಕಿನ ಮುಂದೆ ಅದೇ ಸಲಿಗೆಯಲ್ಲಿ ಮಾತನಾಡಬಾರದು. ಮುಂದಿನ ಸಾಲಿನಲ್ಲಿ ಜಮೇದಾರರ ಅಳಿಯ, ಬೀಗರು ಕುಳಿತಿರುತ್ತಾರೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಶಿರಸ್ತೇದಾರರಂತಹ ಸಮೀಪದ ದರ್ಜೆಯವರಿಗೆ ‘ಜೊತೆಯಲ್ಲಿ ದುಡಿದೆವು’ ಎಂಬ ಮಾತು ಒಪ್ಪುತ್ತದೆ. ವರ್ಗಾವಣೆಯಾದವರಿಗೆ ‘ವಿಶ್ರಾಂತ ಜೀವನ’ ಹಾರೈಸಬೇಡಿ, ಅವರು ಇದೇ ಕಚೇರಿಗೆ ಮರಳಿ ಬರಬಹುದು. ವಾಟ್ಸಾಪ್ ಗ್ರೂಪಿನಲ್ಲಿ ತಹಶೀಲ್ದಾರರಿಗೆ ಉದ್ದನೆಯ ಸಂದೇಶ ಹಾಕಿದ್ದರೆ, ಜಮೇದಾರರಿಗೂ ಅದೇ ಸಂಜೆ, ಹೆಚ್ಚುಕಡಿಮೆ ಅಷ್ಟೇ ಸಾಲುಗಳಲ್ಲಿ ಬರೆಯಿರಿ.